ಕನ್‌ಕ್ಲೂಷನ್ ಬರೆಯಲು ಕೂತರೆ ರಿಸಲ್ಟ್ಸ್ ಚಾಪ್ಟರೇ ಮತ್ತೆ ಬರುತ್ತಿದೆ

ಅಡಿಕೆಸಿಪ್ಪೆ

ಎಂಎಸ್ಸಿ ಕೆಮಿಸ್ಟ್ರಿ, ಕೊನೇ ಸೆಮಿಸ್ಟರ್. ಪ್ರಾಜೆಕ್ಟ್ ವರದಿ ಮುಗಿಸುತ್ತಿದ್ದೇನೆ. ಅಡಿಕೆ ಸಿಪ್ಪೆ ಸುಟ್ಟು ಇದ್ದಿಲು ಮಾಡಿ, ಅದನ್ನು ಪಟಿಕದ ದ್ರಾವಣದಲ್ಲಿ ನೆನೆಸಿ ಒಣಗಿಸಿ, ಆ ಪುಡಿ ನೀರಿನ ಫ್ಲೋರೈಡನ್ನು ಎಷ್ಟು ಹೀರುತ್ತದೆ ಎಂದು ನೋಡಿದ್ದೇನೆ. ಉಳಿದ ಚಾಪ್ಟರ್‌ಗಳೆಲ್ಲ ಪಾಸಾದವು. ಕನ್‌ಕ್ಲೂಷನ್ ಮಾತ್ರ ಗೈಡ್ ವಾಪಸ್ ಕೊಟ್ಟರು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಒಂದೇ ಸಾಲು: "ಇದು ರಿಸಲ್ಟ್ಸ್. ಉತ್ತರ ಎಲ್ಲಿ?"

ಸಿನಾಪ್ಸಿಸ್‌ನಲ್ಲಿ ಕೊಟ್ಟ ಉದ್ದೇಶ ಹೀಗಿದೆ: "ಪಟಿಕ ಲೇಪಿಸಿದ ಅಡಿಕೆ ಸಿಪ್ಪೆಯ ಇದ್ದಿಲಿನಿಂದ ಕೊಳವೆಬಾವಿ ನೀರಿನ ಫ್ಲೋರೈಡನ್ನು ಮನೆಮಟ್ಟದಲ್ಲಿ ಕುಡಿಯುವ ನೀರಿನ ಮಿತಿಯೊಳಗೆ ತರಲು ಸಾಧ್ಯವೇ ಎಂದು ತಿಳಿಯುವುದು."

ಕನ್‌ಕ್ಲೂಷನ್ ಎರಡೂವರೆ ಪುಟ ಇದೆ. ಅದರ ಸಾರ ಇಷ್ಟು:

"ಪಿಎಚ್ 4ರಿಂದ 9ರವರೆಗೆ ಪರೀಕ್ಷಿಸಲಾಯಿತು. ಪಿಎಚ್ 6ರಲ್ಲಿ ಅತಿ ಹೆಚ್ಚು, ಅಂದರೆ 78% ಫ್ಲೋರೈಡ್ ಹೋಯಿತು. ಪುಡಿಯನ್ನು ಲೀಟರಿಗೆ 2 ಗ್ರಾಂನಿಂದ 12 ಗ್ರಾಂವರೆಗೆ ಹಾಕಿ ನೋಡಲಾಯಿತು. 10 ಗ್ರಾಂ ನಂತರ ಹೆಚ್ಚಿನ ಬದಲಾವಣೆ ಇಲ್ಲ. 90 ನಿಮಿಷಕ್ಕೆ ಸಮತೋಲನ ಬಂತು. ಹೀರುವಿಕೆಯ ಲೆಕ್ಕಕ್ಕೆ ಫ್ರಾಯಿಂಡ್ಲಿಷ್‌ಗಿಂತ ಲ್ಯಾಂಗ್‌ಮ್ಯೂರ್ ಮಾದರಿ ಚೆನ್ನಾಗಿ ಹೊಂದಿತು. ಕೊಳವೆಬಾವಿ ನೀರಿನಲ್ಲಿ 53% ಹೋಯಿತು. ಆದ್ದರಿಂದ ಈ ಇದ್ದಿಲು ಫ್ಲೋರೈಡ್ ತೆಗೆಯಲು ಉತ್ತಮ, ಅಗ್ಗದ ಮತ್ತು ಪರಿಸರಸ್ನೇಹಿ ವಸ್ತು."

ಕೊನೇ ಸಾಲಿನಲ್ಲಿ ಉತ್ತರ ಇದೆಯಲ್ವಾ? ಇನ್ನೇನು ಬರೆಯಬೇಕು ಅಂತ ನಿಜಕ್ಕೂ ಗೊತ್ತಾಗುತ್ತಿಲ್ಲ.

ಕೊನೆಬೆಂಚು

ಸಿಂಪಲ್. ಕನ್‌ಕ್ಲೂಷನ್‌ನಲ್ಲಿ ಅಂಕಿಸಂಖ್ಯೆ ಇರಲೇಬಾರದು. ಎಲ್ಲ ಅಂಕಿ ಅಳಿಸಿಬಿಡಿ, ಉಳಿದದ್ದೇ ಕನ್‌ಕ್ಲೂಷನ್. ನಾನು ಬಿಇ ಪ್ರಾಜೆಕ್ಟ್‌ನಲ್ಲಿ ಹಾಗೇ ಮಾಡಿದೆ, ಯಾರೂ ಏನೂ ಕೇಳಲಿಲ್ಲ.

ಪುಟ್ಟಕ್ಕನಮಗ

ನಮ್ಮ ಯೂನಿವರ್ಸಿಟಿಯಲ್ಲಿ 250 ಪದ ದಾಟಬಾರದು ಅಂತ ನಿಯಮ ಇದೆ. ಹಿನ್ನೆಲೆ, ವಿಧಾನ, ಫಲಿತಾಂಶ, ಕೊನೆಗೆ ಕೀವರ್ಡ್ಸ್. ಈ ಕ್ರಮದಲ್ಲಿ ಒಂದೇ ಪ್ಯಾರಾ ಬರೆಯಿರಿ. ಎರಡೂವರೆ ಪುಟ ಅಂದರೆ ಜಾಸ್ತಿ ಆಯ್ತು.

ಅಡಿಕೆಸಿಪ್ಪೆ

@ಪುಟ್ಟಕ್ಕನಮಗ ನೀವು ಹೇಳುತ್ತಿರುವುದು ಅಬ್‌ಸ್ಟ್ರಾಕ್ಟ್ ಅಲ್ವಾ? ಅದು ಮುಗಿದಿದೆ. ನನ್ನ ತಲೆನೋವು ಕೊನೇ ಚಾಪ್ಟರ್‌ದು.

@ಕೊನೆಬೆಂಚು ಅಂಕಿ ಅಳಿಸಿ ನೋಡಿದೆ. "ಪಿಎಚ್ ಬದಲಾದಂತೆ ಪರಿಣಾಮ ಬದಲಾಯಿತು, ಪ್ರಮಾಣ ಹೆಚ್ಚಾದಂತೆ ಪರಿಣಾಮ ಹೆಚ್ಚಾಯಿತು" ಅಂತ ಉಳಿಯಿತು. ಅದು ಇನ್ನೂ ಪೊಳ್ಳಾಗಿ ಕಾಣುತ್ತದೆ.

ನೀರುಪರೀಕ್ಷೆ

ಕಾಣದೆ ಏನು? ಅಂಕಿ ಕಿತ್ತರೂ ಅದು ರಿಸಲ್ಟ್ಸ್ ಚಾಪ್ಟರೇ, ಅಂಕಿ ಇಲ್ಲದ ರಿಸಲ್ಟ್ಸ್ ಅಷ್ಟೇ.

ನಿಮಗೆ ಒಂದೇ ಪ್ರಶ್ನೆ. ಕೊಳವೆಬಾವಿ ನೀರಿನಲ್ಲಿ 53% ಹೋಯಿತು ಅಂದಿರಿ. ಮೊದಲು ಎಷ್ಟಿತ್ತು? ಕೊನೆಗೆ ಎಷ್ಟು ಉಳಿಯಿತು? ಆ 78% ಯಾವ ನೀರಿನದ್ದು?

ಅಡಿಕೆಸಿಪ್ಪೆ

78% ಲ್ಯಾಬಿನಲ್ಲಿ ಡಿಸ್ಟಿಲ್ಡ್ ವಾಟರ್‌ಗೆ ಸೋಡಿಯಂ ಫ್ಲೋರೈಡ್ ಹಾಕಿ ಮಾಡಿದ ದ್ರಾವಣದ್ದು. ಲೀಟರಿಗೆ 5 ಮಿಲಿಗ್ರಾಂ ಇತ್ತು, 1.1 ಉಳಿಯಿತು. ಕೊಳವೆಬಾವಿ ನೀರಿನಲ್ಲಿ 3.4 ಇತ್ತು, 1.6 ಉಳಿಯಿತು. ಎರಡಕ್ಕೂ ಲೀಟರಿಗೆ 10 ಗ್ರಾಂ ಪುಡಿ, 90 ನಿಮಿಷ. ಕೊಳವೆಬಾವಿ ನೀರಿನ ಪಿಎಚ್ 7.9 ಇತ್ತು, ಅದನ್ನು ಹಾಗೇ ಬಿಟ್ಟೆ.

ನೀರುಪರೀಕ್ಷೆ

ನೋಡಿ, ಉತ್ತರ ಇಲ್ಲೇ ಕೂತಿದೆ.

ನಿಮ್ಮ ಉದ್ದೇಶದಲ್ಲಿ "ಮಿತಿಯೊಳಗೆ ತರಲು ಸಾಧ್ಯವೇ" ಅಂತ ಇದೆ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ನಿಮಗೆ ಉಳಿದದ್ದು 1.6. ಅಂದರೆ ನಿಮ್ಮ ಪ್ರಶ್ನೆಗೆ ಉತ್ತರ "ಇಲ್ಲ, ಈ ಪ್ರಮಾಣದಲ್ಲಿ, ಈ ನೀರಿನಲ್ಲಿ ಬರಲಿಲ್ಲ". ನಿಮ್ಮ ಕೊನೇ ಸಾಲು ಹೇಳುವುದು ಇದಕ್ಕೆ ಉಲ್ಟಾ.

ಇದು ಹೇಗಾಯಿತು ಅಂದರೆ, ಉದ್ದೇಶ ಕೇಳಿದ್ದು ಎಷ್ಟು ಉಳಿಯಿತು ಎಂಬುದನ್ನು. ನೀವು ವರದಿ ತುಂಬ ಎಷ್ಟು ಹೋಯಿತು ಅಂತ ಶೇಕಡಾದಲ್ಲಿ ಬರೆದಿರಿ. 53% ಅಂದರೆ ಅರ್ಧಕ್ಕಿಂತ ಜಾಸ್ತಿ, ಕೇಳಲು ಚೆನ್ನಾಗಿದೆ. ಆದರೆ ಶೇಕಡಾವನ್ನು ಯಾರೂ ಕುಡಿಯುವುದಿಲ್ಲ, ಉಳಿದ 1.6ನ್ನೇ ಕುಡಿಯಬೇಕು. ಕನ್‌ಕ್ಲೂಷನ್‌ನಲ್ಲಿ ರಿಸಲ್ಟ್ಸ್ ಪೂರ್ತಿ ಸುರಿದಾಗ ಇಂಥದ್ದು ಅಡಗಿಹೋಗುತ್ತದೆ. ಏಳು ಫಲಿತಾಂಶ ಒಂದೇ ದನಿಯಲ್ಲಿ ಸಾಲಾಗಿ ನಿಂತರೆ, ಪ್ರಶ್ನೆ ತೀರ್ಮಾನಿಸಿದ್ದು ಯಾವುದು ಅಂತ ಓದುವವರಿಗೆ ಗೊತ್ತಾಗುವುದಿಲ್ಲ. ಎಷ್ಟೋ ಸಲ ಬರೆದವರಿಗೂ ಗೊತ್ತಾಗಿರುವುದಿಲ್ಲ.

ಅದಕ್ಕೇ ಅಂಕಿಯೇ ಬೇಡ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೋಷ್ಟಕದ ಅಂಕಿಗಳು ಬೇಡ, ನಿಜ. ಆದರೆ 1.6 ಮತ್ತು 1.5, ಈ ಎರಡು ಇಲ್ಲದೆ ನಿಮ್ಮ ಉತ್ತರಕ್ಕೆ ಆಧಾರವೇ ಇಲ್ಲ.

ಅಡಿಕೆಸಿಪ್ಪೆ

ಎದೆ ಧಸಕ್ ಅಂತು. ಹಾಗಾದರೆ ಪ್ರಾಜೆಕ್ಟ್ ಫೇಲ್ ಆದ ಹಾಗಾ?

ಕೊನೆಬೆಂಚು

ಏನೂ ಆಗಿಲ್ಲ. ಉದ್ದೇಶವನ್ನೇ ಸ್ವಲ್ಪ ತಿದ್ದಿ. "ಫ್ಲೋರೈಡ್ ತೆಗೆಯುವುದರ ಮೇಲೆ ಪಿಎಚ್, ಪ್ರಮಾಣ ಮತ್ತು ಸಮಯದ ಪರಿಣಾಮದ ಅಧ್ಯಯನ" ಅಂತ ಬರೆದುಬಿಡಿ. ಆಗ ಈಗಿರುವ ಕನ್‌ಕ್ಲೂಷನ್ ಕರೆಕ್ಟಾಗಿ ಹೊಂದುತ್ತದೆ. ಎಲ್ಲರೂ ಮಾಡುವುದು ಇದನ್ನೇ.

ನೀರುಪರೀಕ್ಷೆ

ಮಾಡುತ್ತಾರೆ, ಗೊತ್ತು. ಅದಕ್ಕೇ ಇಂಥ ವರದಿಗಳಲ್ಲಿ ಬಹುಪಾಲು "ಪರಿಣಾಮದ ಅಧ್ಯಯನ" ಅಂತಲೇ ಶುರುವಾಗುತ್ತವೆ. ಅಧ್ಯಯನ ಮಾಡುವುದೇ ಉದ್ದೇಶ ಆದರೆ, ಮಾಡಿದೆ ಅಂದರೆ ಮುಗಿಯಿತು. ಅಂಥ ಉದ್ದೇಶಕ್ಕೆ ರಿಸಲ್ಟ್ಸ್ ಪಟ್ಟಿ ಬಿಟ್ಟರೆ ಬೇರೆ ಕನ್‌ಕ್ಲೂಷನ್ ಬರೆಯಲು ಆಗುವುದೂ ಇಲ್ಲ. ಇವರ ಉದ್ದೇಶದಲ್ಲಿ ಒಂದು ಪ್ರಶ್ನೆ ಇದೆ, ಅದನ್ನು ಅಳೆಯಲು ಮಿತಿಯೂ ಇದೆ. ಅದನ್ನು ಕೆಡಿಸಬೇಡಿ.

ಫೇಲ್ ವಿಷಯ: "ಸಾಧ್ಯವೇ" ಅಂತ ಕೇಳಿದ ಮೇಲೆ "ಇಲ್ಲ" ಕೂಡ ಉತ್ತರವೇ. ಡಿಸ್ಟಿಲ್ಡ್ ವಾಟರ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿದ ಪುಡಿ ನಿಜವಾದ ಬಾವಿ ನೀರಿಗೆ ಬಂದಾಗ ಸೋತಿತು ಎಂಬುದು ಈ ವರದಿಯಲ್ಲಿ ಎಲ್ಲಕ್ಕಿಂತ ಉಪಯೋಗದ ಮಾತು. ಈಗ ಅದು ಐದನೇ ಸಾಲಿನ ನಂತರ ಎಲ್ಲೋ ಮೂಲೆಯಲ್ಲಿದೆ.

ಕೆರೆಯಏರಿ

ನಾನು ಇತಿಹಾಸದವಳು, ಕೆಮಿಸ್ಟ್ರಿ ಅರ್ಥವಾಗಲ್ಲ. ಆದರೂ ಈ ಕಷ್ಟ ನನಗೂ ಆಗಿತ್ತು. ಎಂಫಿಲ್‌ನಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ಜನ ಕೆರೆ ಹೂಳೆತ್ತುವುದನ್ನು ಯಾಕೆ ಬಿಟ್ಟರು ಎಂಬುದು ನನ್ನ ಪ್ರಶ್ನೆ. ಕನ್‌ಕ್ಲೂಷನ್‌ನಲ್ಲಿ ಬರೆದದ್ದು ಏನು ಅಂದರೆ, ಮೊದಲನೇ ಅಧ್ಯಾಯದಲ್ಲಿ ಕೆರೆಗಳ ಹಿನ್ನೆಲೆ ನೋಡಲಾಯಿತು, ಎರಡನೆಯದರಲ್ಲಿ ನೀರುಗಂಟಿಗಳ ಬಗ್ಗೆ ಚರ್ಚಿಸಲಾಯಿತು, ಹೀಗೆ. ಯಾಕೆ ಬಿಟ್ಟರು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ನಮ್ಮ ಮೇಡಂ ಹೇಳಿಕೊಟ್ಟ ಉಪಾಯ: ಖಾಲಿ ಹಾಳೆಯ ಮೇಲೆ ಉದ್ದೇಶವನ್ನು ಪ್ರಶ್ನೆಯಾಗಿ ಬರೆದುಕೊಳ್ಳಿ. ಅಧ್ಯಾಯಗಳನ್ನು ಮುಚ್ಚಿಡಿ. ಪಕ್ಕದಲ್ಲಿ ಕೂತವರು ಅದೇ ಪ್ರಶ್ನೆ ಕೇಳಿದರೆ ಏನು ಹೇಳುತ್ತೀರೋ ಅದನ್ನು ಮೂರು ವಾಕ್ಯದಲ್ಲಿ ಬರೆಯಿರಿ. ಆಮೇಲಷ್ಟೇ ಅಧ್ಯಾಯ ತೆರೆದು, ಆ ಮೂರು ವಾಕ್ಯಕ್ಕೆ ಆಧಾರ ಇದೆಯಾ ಅಂತ ನೋಡಿ.

ಒಂದು ತೊಂದರೆ ಅಂದರೆ, ನನ್ನ ಹಾಗೆ ನಾಲ್ಕು ಉದ್ದೇಶ ಕೊಟ್ಟವರಿಗೆ ಇದು ಉದ್ದವಾಗುತ್ತದೆ. ಅವುಗಳಲ್ಲಿ ಎರಡು ಒಂದೇ ಪ್ರಶ್ನೆ ಅಂತ ನನಗೆ ಆಗಲೇ ಗೊತ್ತಾದದ್ದು.

ಅಡಿಕೆಸಿಪ್ಪೆ

@ಕೆರೆಯಏರಿ ಮೇಡಂ, ಥ್ಯಾಂಕ್ಸ್. ಹಾಗೇ ಮಾಡಿದೆ. ಬಂದದ್ದು ಇದು:

"ಪಟಿಕ ಲೇಪಿಸಿದ ಅಡಿಕೆ ಸಿಪ್ಪೆಯ ಇದ್ದಿಲು ಕೊಳವೆಬಾವಿ ನೀರಿನ ಫ್ಲೋರೈಡನ್ನು ಲೀಟರಿಗೆ 3.4ರಿಂದ 1.6 ಮಿಲಿಗ್ರಾಂಗೆ ಇಳಿಸಿತು. ಆದರೆ ಬೈಕಾರ್ಬೊನೇಟ್ ಜಾಸ್ತಿ ಇದ್ದ ಕಾರಣ 1.5ರ ಮಿತಿಯೊಳಗೆ ತರಲು ಆಗಲಿಲ್ಲ. ನೀರಿನ ಪಿಎಚ್ಚನ್ನು 6ಕ್ಕೆ ಇಳಿಸಿದರೆ ಈ ಪುಡಿಯಿಂದ ಸುರಕ್ಷಿತ ಕುಡಿಯುವ ನೀರು ಸಿಗುತ್ತದೆ."

ನೀರುಪರೀಕ್ಷೆ

ಎರಡೂವರೆ ಪುಟಕ್ಕಿಂತ ಇದು ಎಷ್ಟೋ ಮೇಲು. ಮೊದಲ ವಾಕ್ಯಕ್ಕೆ ತಕರಾರಿಲ್ಲ. ಎರಡನೆಯದು, ಮೂರನೆಯದು ಮಾತ್ರ ನೀವು ಮಾಡಿದ ಕೆಲಸಕ್ಕಿಂತ ಮುಂದೆ ಓಡಿವೆ.

"ಬೈಕಾರ್ಬೊನೇಟ್ ಕಾರಣ" ಅಂದಿರಿ. ಅನುಮಾನ ಸರಿಯಾದದ್ದೇ. ಬಾವಿ ನೀರಿನಲ್ಲಿ ಬೈಕಾರ್ಬೊನೇಟ್ ಇರುತ್ತದೆ, ಅದು ಪಿಎಚ್ಚನ್ನು ಮೇಲೆ ಹಿಡಿದಿಡುತ್ತದೆ. ಪಿಎಚ್ ಮೇಲಿದ್ದರೆ ಪಟಿಕದಿಂದ ಬಂದ ಅಲ್ಯೂಮಿನಿಯಂ ಪದರದ ಮೇಲೆ ಫ್ಲೋರೈಡ್ ಕೂರಬೇಕಾದ ಜಾಗಕ್ಕೆ ಹೈಡ್ರಾಕ್ಸೈಡ್ ಪೈಪೋಟಿ ಕೊಡುತ್ತದೆ. ಆದರೆ ನೀವು ಡಿಸ್ಟಿಲ್ಡ್ ವಾಟರ್‌ಗೆ ಬೈಕಾರ್ಬೊನೇಟ್ ಒಂದನ್ನೇ ಸೇರಿಸಿ ನೋಡಿದ್ದೀರಾ? ಇಲ್ಲ ಅಂದರೆ, ಪಿಎಚ್ ಎಷ್ಟು ಕಾರಣ, ಬೈಕಾರ್ಬೊನೇಟ್ ಎಷ್ಟು ಕಾರಣ, ಬಾವಿ ನೀರಿನ ಇನ್ನೇನಾದರೂ ಕಾರಣವಾ ಅಂತ ನಿಮಗೆ ಗೊತ್ತಿಲ್ಲ. ಅದು ಡಿಸ್ಕಷನ್‌ನಲ್ಲಿ "ಇರಬಹುದು" ಅಂತ ಬರುವ ಮಾತು. ಕನ್‌ಕ್ಲೂಷನ್‌ಗೆ ಬರುವಾಗ ಆ "ಇರಬಹುದು" ಉದುರಿಹೋಗಿದೆ. ಇದು ತುಂಬಾ ಜನರ ವರದಿಯಲ್ಲಿ ಆಗುತ್ತದೆ. ಅದಕ್ಕೆ ಕನ್‌ಕ್ಲೂಷನ್ ಮತ್ತು ಡಿಸ್ಕಷನ್ ಪಕ್ಕಪಕ್ಕ ಇಟ್ಟುಕೊಂಡು ಕ್ರಿಯಾಪದಗಳನ್ನು ಮಾತ್ರ ಹೋಲಿಸಿ ನೋಡಿ.

ಮೂರನೇ ವಾಕ್ಯ ಇನ್ನೂ ಅಪಾಯದ್ದು. ಬಾವಿ ನೀರಿನ ಪಿಎಚ್ ಇಳಿಸಿ ಪರೀಕ್ಷೆ ಮಾಡಿಲ್ಲ ಅಂತ ನೀವೇ ಹೇಳಿದಿರಿ. ಜೊತೆಗೆ "ಸುರಕ್ಷಿತ" ಅಂದಿರಿ. ಪುಡಿಯಲ್ಲಿ ಪಟಿಕ ಇದೆ. ಶೋಧಿಸಿದ ನೀರಿಗೆ ಅಲ್ಯೂಮಿನಿಯಂ ಎಷ್ಟು ಬಿಟ್ಟಿದೆ ಅಂತ ಅಳೆದಿರಾ? ಅದೇ ಐಎಸ್ 10500ರಲ್ಲಿ ಅಲ್ಯೂಮಿನಿಯಂಗೆ 0.03 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 0.2ರವರೆಗೆ ಮಿತಿ ಇದೆ. ಅಳೆಯದೆ ಸುರಕ್ಷಿತ ಅನ್ನುವ ಹಾಗಿಲ್ಲ. ವೈವಾದಲ್ಲಿ ಮೊದಲ ಪ್ರಶ್ನೆ ಇದೇ ಬರುತ್ತದೆ.

ಅಡಿಕೆಸಿಪ್ಪೆ

ಅಲ್ಯೂಮಿನಿಯಂ ಅಳೆದಿಲ್ಲ. ನಮ್ಮ ಡಿಪಾರ್ಟ್‌ಮೆಂಟ್‌ನಲ್ಲಿ ಆ ಸೌಲಭ್ಯ ಇರಲಿಲ್ಲ.

ನೀರುಪರೀಕ್ಷೆ

ಅದನ್ನೇ ಬರೆಯಿರಿ. ಒಂದು ವಾಕ್ಯ ಸಾಕು. ಇನ್ನೊಂದು ವಿಷಯ, ಫ್ಲೋರೈಡ್ ಅಳೆದದ್ದು ಯಾವುದರಿಂದ?

ಅಡಿಕೆಸಿಪ್ಪೆ

ಲ್ಯಾಬ್ ದ್ರಾವಣಗಳಿಗೆಲ್ಲ ಸ್ಪ್ಯಾಂಡ್ಸ್ ಬಣ್ಣದ ವಿಧಾನ. ಕೊಳವೆಬಾವಿ ನೀರಿಗೆ ಮಾತ್ರ ಬೇರೆ ಕಾಲೇಜಿಗೆ ಹೋಗಿ ಅಯಾನ್ ಎಲೆಕ್ಟ್ರೋಡ್‌ನಲ್ಲಿ ಮಾಡಿಸಿದೆ. ಟಿಸಾಬ್ ಬಫರ್ ಹಾಕಿದ್ದರು. ಮೂರು ಸಲದ ರೀಡಿಂಗ್ 1.5, 1.6, 1.7.

ನೀರುಪರೀಕ್ಷೆ

ಹಾಗಾದರೆ ಎರಡು ಮಾತು.

ಸ್ಪ್ಯಾಂಡ್ಸ್‌ಗೆ ಅಲ್ಯೂಮಿನಿಯಂ ಆಗಿಬರುವುದಿಲ್ಲ. ನೀರಿನಲ್ಲಿ ಅಲ್ಯೂಮಿನಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದುಕೊಳ್ಳುತ್ತದೆ, ರೀಡಿಂಗ್ ಇರುವುದಕ್ಕಿಂತ ಕಡಿಮೆ ಬರುತ್ತದೆ. ನಿಮ್ಮ ಪುಡಿ ಸ್ವಲ್ಪ ಪಟಿಕ ಬಿಟ್ಟಿದ್ದರೂ ಆ 1.1 ನಂಬುವ ಹಾಗಿಲ್ಲ. ಎಲೆಕ್ಟ್ರೋಡ್‌ಗೆ ಹಾಕುವ ಟಿಸಾಬ್‌ನಲ್ಲಿ ಅಲ್ಯೂಮಿನಿಯಂ ಹಿಡಿಯುವ ಪದಾರ್ಥ ಇರುತ್ತದೆ, ಹಾಗಾಗಿ ಆ ರೀಡಿಂಗ್ ಹೆಚ್ಚು ಭರವಸೆಯದ್ದು. ಅದೃಷ್ಟಕ್ಕೆ ನಿಮ್ಮ ಉದ್ದೇಶಕ್ಕೆ ಉತ್ತರ ಕೊಡುವುದು ಎಲೆಕ್ಟ್ರೋಡ್ ರೀಡಿಂಗೇ. ಕನ್‌ಕ್ಲೂಷನ್ ಅದರ ಮೇಲೆ ನಿಲ್ಲಲಿ. 78% ಮೇಲೆ ಭಾರ ಹಾಕಬೇಡಿ.

ಎರಡನೆಯದು: 1.5, 1.6, 1.7 ಅಂದರೆ ಒಂದು ರೀಡಿಂಗ್ ಮಿತಿಯ ಮೇಲೇ ಕೂತಿದೆ. "ಮಿತಿ ಮೀರಿತು" ಅಂತ ಗಟ್ಟಿಯಾಗಿ ಹೇಳುವುದಕ್ಕಿಂತ "ಮಿತಿಯೊಳಗೆ ಖಚಿತವಾಗಿ ತರಲಾಗಲಿಲ್ಲ" ಅನ್ನುವುದು ಸರಿ. 1.0ರ ಮಿತಿಗಂತೂ ಹತ್ತಿರವೂ ಬಂದಿಲ್ಲ, ಅದನ್ನು ಧೈರ್ಯವಾಗಿ ಹೇಳಬಹುದು.

ಕೊನೆಬೆಂಚು

ಇಷ್ಟೆಲ್ಲ ಇಲ್ಲ ಇಲ್ಲ ಅಂತ ಬರೆದರೆ ಮಾರ್ಕ್ಸ್ ಯಾರು ಕೊಡುತ್ತಾರೆ ಸ್ವಾಮಿ? ಎಲ್ಲ ಎಕ್ಸಾಮಿನರ್‌ಗಳು ನಿಮ್ಮ ಹಾಗೆ ಇರುವುದಿಲ್ಲ. "ಅಗ್ಗದ, ಪರಿಸರಸ್ನೇಹಿ" ಅಂತ ಇದ್ದರೆ ಅವರಿಗೆ ಖುಷಿ.

ನೀರುಪರೀಕ್ಷೆ

ಎಕ್ಸಾಮಿನರ್ ಖುಷಿಯ ಗ್ಯಾರಂಟಿ ನಾನು ಕೊಡಲಾರೆ, ಅದು ನಿಜ. ಆದರೆ ಅಗ್ಗ ಅನ್ನುವುದನ್ನೇ ನೋಡೋಣ. ಖರ್ಚಿನ ಲೆಕ್ಕ ವರದಿಯಲ್ಲಿ ಎಲ್ಲಾದರೂ ಇದೆಯಾ? ಲೀಟರಿಗೆ 10 ಗ್ರಾಂ ಅಂದರೆ, ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಬೇಕಾದ ಮನೆಗೆ 200 ಗ್ರಾಂ ಪುಡಿ. ತಿಂಗಳಿಗೆ 6 ಕೆಜಿ. ಅಷ್ಟು ಇದ್ದಿಲನ್ನು ಯಾರು ಸುಡುತ್ತಾರೆ, ಬಳಸಿದ ಮೇಲೆ ಎಲ್ಲಿ ಹಾಕುತ್ತಾರೆ? ಉದ್ದೇಶದಲ್ಲಿ "ಮನೆಮಟ್ಟದಲ್ಲಿ" ಎಂಬ ಪದ ಇದೆ. ಅದಕ್ಕೂ ಉತ್ತರ ಬೇಕಲ್ವಾ?

ಕೆರೆಯಏರಿ

ಈ ಲೆಕ್ಕ ಕನ್‌ಕ್ಲೂಷನ್‌ನಲ್ಲಿ ಹೊಸದಾಗಿ ತರಬಹುದಾ? ನಮಗೆ "ಹೊಸ ವಿಷಯ ಕೊನೇ ಅಧ್ಯಾಯದಲ್ಲಿ ಮೊದಲ ಸಲ ಬರಬಾರದು" ಅಂತ ಹೇಳಿದ್ದರು.

ನೀರುಪರೀಕ್ಷೆ

ಸರಿಯಾಗಿಯೇ ಹೇಳಿದ್ದಾರೆ. ಲೆಕ್ಕ ಡಿಸ್ಕಷನ್‌ಗೆ ಹೋಗಲಿ, ಎರಡು ಸಾಲು ಸಾಕು. ಅದರಿಂದ ಬಂದ ತೀರ್ಮಾನ ಮಾತ್ರ ಕನ್‌ಕ್ಲೂಷನ್‌ಗೆ ಬರಲಿ. ಕನ್‌ಕ್ಲೂಷನ್ ಬರೆಯುವಾಗಲೇ ಡಿಸ್ಕಷನ್‌ನಲ್ಲಿ ಏನು ಬಿಟ್ಟುಹೋಗಿದೆ ಅಂತ ಕಾಣುವುದು, ಹಾಗಾಗಿ ಹಿಂದೆ ಹೋಗಿ ತಿದ್ದುವುದು ಮಾಮೂಲಿ.

ಅಡಿಕೆಸಿಪ್ಪೆ

ಡಿಸ್ಕಷನ್‌ಗೆ ಆ ಲೆಕ್ಕ ಸೇರಿಸಿದೆ. ಕನ್‌ಕ್ಲೂಷನ್ ಮತ್ತೆ ಬರೆದಿದ್ದೇನೆ:

"ಪಟಿಕ ಲೇಪಿಸಿದ ಅಡಿಕೆ ಸಿಪ್ಪೆಯ ಇದ್ದಿಲಿನಿಂದ ಕೊಳವೆಬಾವಿ ನೀರಿನ ಫ್ಲೋರೈಡನ್ನು ಕುಡಿಯುವ ನೀರಿನ ಮಿತಿಯೊಳಗೆ ಖಚಿತವಾಗಿ ತರಲು ಈ ಅಧ್ಯಯನದಲ್ಲಿ ಸಾಧ್ಯವಾಗಲಿಲ್ಲ. ಲೀಟರಿಗೆ 10 ಗ್ರಾಂ ಪುಡಿ ಬಳಸಿದಾಗ ಫ್ಲೋರೈಡ್ 3.4ರಿಂದ ಸರಾಸರಿ 1.6 ಮಿಲಿಗ್ರಾಂಗೆ ಇಳಿಯಿತು. ಇದು 1.5ರ ಮಿತಿಗೆ ಹತ್ತಿರವಿದ್ದರೂ 1.0ರ ಮಿತಿಗಿಂತ ಸಾಕಷ್ಟು ಮೇಲಿದೆ. ಲ್ಯಾಬ್ ದ್ರಾವಣದಲ್ಲಿ ಪಿಎಚ್ 6ರಲ್ಲಿ ಕಂಡ ಸಾಮರ್ಥ್ಯ ಬಾವಿ ನೀರಿನಲ್ಲಿ ಕಾಣಲಿಲ್ಲ. ಹಾಗಾಗಿ ಲ್ಯಾಬ್ ದ್ರಾವಣದ ಫಲಿತಾಂಶದಿಂದಲೇ ಈ ಪುಡಿಯನ್ನು ಶಿಫಾರಸು ಮಾಡಲಾಗದು. ಪುಡಿಯ ಪ್ರಮಾಣವೂ ಮನೆಬಳಕೆಗೆ ಹೆಚ್ಚು. ಶೋಧಿಸಿದ ನೀರಿನ ಅಲ್ಯೂಮಿನಿಯಂ ಅಳೆದಿಲ್ಲದ ಕಾರಣ ಅದು ಕುಡಿಯಲು ಯೋಗ್ಯವೇ ಎಂದು ಹೇಳಲಾಗದು. ಬಾವಿ ನೀರಿನ ಪಿಎಚ್ ಇಳಿಸಿ, ಅಲ್ಯೂಮಿನಿಯಂ ಅಳೆದು ನೋಡುವುದು ಮುಂದಿನ ಕೆಲಸ."

ನೀರುಪರೀಕ್ಷೆ

ಚೆನ್ನಾಗಿದೆ. ಮೊದಲ ವಾಕ್ಯದಲ್ಲೇ ಉದ್ದೇಶದ ಪದಗಳಿವೆ, ಉತ್ತರವೂ ಇದೆ. ಸಮಯ, ಲ್ಯಾಂಗ್‌ಮ್ಯೂರ್ ಮಾದರಿ, ಪ್ರಮಾಣದ ಸರಣಿ ಎಲ್ಲ ತಾವಾಗಿಯೇ ಹೊರಗೆ ಹೋದವು ನೋಡಿ. ಅವು ಬೇಕಾದವರಿಗೆ ರಿಸಲ್ಟ್ಸ್‌ನಲ್ಲಿ ಸಿಗುತ್ತವೆ.

ಪುಟ್ಟಕ್ಕನಮಗ

ಈಗ ಅಬ್‌ಸ್ಟ್ರಾಕ್ಟ್‌ನ ಕೊನೇ ಸಾಲೂ ಬದಲಾಯಿಸಬೇಕಲ್ವಾ? ಅಲ್ಲಿ ಇನ್ನೂ "ಉತ್ತಮ, ಅಗ್ಗದ" ಅಂತ ಇದ್ದರೆ ಎರಡೂ ಜಗಳ ಆಡುತ್ತವೆ.

ನೀರುಪರೀಕ್ಷೆ

ಅದು ನನಗೆ ಹೊಳೆದಿರಲಿಲ್ಲ. ಖಂಡಿತ ಬದಲಾಯಿಸಬೇಕು.

ಅಡಿಕೆಸಿಪ್ಪೆ

ಅಯ್ಯೋ, ಹೌದು, ಹಾಗೇ ಇದೆ! ಬದಲಾಯಿಸುತ್ತೇನೆ.

ಇನ್ನೊಂದು ಸಂಕಟ. ಗೈಡ್‌ಗೆ ಇದನ್ನು ತೋರಿಸಿದೆ. ಉತ್ತರ ಬಂತು ಅಂದರು. ಆದರೆ "ಲ್ಯಾಂಗ್‌ಮ್ಯೂರ್ ಒಂದು ವಾಕ್ಯವಾದರೂ ಇರಲಿ, ಹೊರಗಿನ ಎಕ್ಸಾಮಿನರ್ ಹುಡುಕುತ್ತಾರೆ" ಅಂದರು. ಉದ್ದೇಶದಲ್ಲಿ ಅದರ ಸುದ್ದಿಯೇ ಇಲ್ಲ. ಹಾಕಲಾ, ಬೇಡವಾ?

ಕೊನೆಬೆಂಚು

ಗೈಡ್ ಹೇಳಿದ ಮೇಲೆ ಹಾಕಿಬಿಡಿ. ಇದರಲ್ಲಿ ಯೋಚನೆ ಯಾಕೆ?

ನೀರುಪರೀಕ್ಷೆ

ನಾನಾಗಿದ್ದರೆ ಹಾಕುವುದಿಲ್ಲ. ಲ್ಯಾಂಗ್‌ಮ್ಯೂರ್ ಹೊಂದಿತು ಎಂಬುದು ಲ್ಯಾಬ್ ದ್ರಾವಣದ ಮಾತು, ಅದೂ ಸ್ಪ್ಯಾಂಡ್ಸ್ ರೀಡಿಂಗ್‌ನಿಂದ ಬಂದದ್ದು. ನಿಮ್ಮ ಪ್ರಶ್ನೆಗೆ ಅದರಿಂದ ಏನೂ ಸೇರುವುದಿಲ್ಲ.

ಕೆರೆಯಏರಿ

ನೀವು ಹಾಕುವುದಿಲ್ಲ ಸರ್, ಆದರೆ ಸಹಿ ಹಾಕಬೇಕಾದವರು ಅವರ ಗೈಡ್. ಡಿಸ್ಕಷನ್ ಚಾಪ್ಟರಿನ ಕೊನೇ ಪ್ಯಾರಾದಲ್ಲಿ ಅದನ್ನು ಇಟ್ಟು, ಗೈಡ್‌ಗೆ ಅಲ್ಲಿ ತೋರಿಸಿ. ಒಪ್ಪಿದರೆ ಒಪ್ಪಿದರು. ಒಪ್ಪದಿದ್ದರೆ ಕನ್‌ಕ್ಲೂಷನ್‌ನಲ್ಲಿ ಉತ್ತರದ ನಂತರ ಹಾಕಿ, ಮೊದಲ ವಾಕ್ಯಕ್ಕಿಂತ ಮುಂಚೆ ಮಾತ್ರ ಬೇಡ.

ಅಡಿಕೆಸಿಪ್ಪೆ

ಸೋಮವಾರ ಗೈಡ್ ಸಿಗುತ್ತಾರೆ. ಡಿಸ್ಕಷನ್‌ನಲ್ಲಿ ಇಟ್ಟುಕೊಂಡು ಹೋಗಿ ಕೇಳುತ್ತೇನೆ. ಅಷ್ಟರಲ್ಲಿ ಉಳಿದ ಲ್ಯಾಬ್ ಸ್ಯಾಂಪಲ್‌ಗಳಲ್ಲಿ ಎರಡನ್ನಾದರೂ ಎಲೆಕ್ಟ್ರೋಡ್‌ನಲ್ಲಿ ಮತ್ತೆ ಅಳೆಸಲು ಆಗುತ್ತದಾ ಅಂತ ಆ ಕಾಲೇಜಿನವರಿಗೆ ಫೋನ್ ಮಾಡುತ್ತೇನೆ.